ಕಾಫಿಯ ನೀರಿಗೆ ಎರಡು ಬಾಟಲಿ

ಚಿಕ್ಕಮಗಳೂರಿನ ಅರೇಬಿಕಾ ಬೀಜವನ್ನು ಕಪ್ಪಾಗಿಸದೆ ಹದವಾಗಿ ಹುರಿದರೆ ಅದರಲ್ಲಿ ಹಣ್ಣಿನಂಥ ಹುಳಿ ಉಳಿದಿರುತ್ತದೆ. ಆ ಪುಡಿಯನ್ನು ಗಡಸಾದ ಬೋರ್‌ವೆಲ್ ನೀರಿನಲ್ಲಿ ಇಳಿಸಿದರೆ ಹುಳಿ ಅಡಗಿ ಕಾಫಿ ಸಪ್ಪೆಯಾಗುತ್ತದೆ. ಆರ್‌ಒ ನೀರಿನಲ್ಲಿ ಇಳಿಸಿದರೆ ಹುಳಿ ಮಾತ್ರ ಎದ್ದು ಕಾಣುತ್ತದೆ. ಇದರ ಹಿಂದಿರುವುದು ಮುಖ್ಯವಾಗಿ ಬೈಕಾರ್ಬೊನೇಟ್. ಅದು ಕಾಫಿಯ ಆಮ್ಲಗಳನ್ನು ತಟಸ್ಥಗೊಳಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಅದು ಸಾಮಾನ್ಯವಾಗಿ ವಿಪರೀತ, ಆರ್‌ಒ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಬರಿದಾದ ನೀರಿಗೆ ಬೇಕಾದಷ್ಟನ್ನು ನಾವೇ ಸೇರಿಸಬಹುದು. ಎರಡು ಉಪ್ಪುಗಳು ಸಾಕು: ಬೈಕಾರ್ಬೊನೇಟ್‌ಗೆ ಅಡುಗೆ ಸೋಡಾ, ಮೆಗ್ನೀಸಿಯಂಗೆ ಎಪ್ಸಮ್ ಉಪ್ಪು. ಮೆಗ್ನೀಸಿಯಂ ಕಾಫಿಯ ರುಚಿಯ ಅಣುಗಳನ್ನು ಬಲವಾಗಿ ಹಿಡಿಯುತ್ತದೆಂದು ರಸಾಯನವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2014ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು.

ಒಂದು ಲೀಟರಿಗೆ ಬೇಕಾಗುವ ಸೋಡಾ ಒಂದು ಗ್ರಾಮಿನ ಹದಿನೈದನೆಯ ಒಂದು ಭಾಗ ಮಾತ್ರ. ಅಡುಗೆಮನೆಯ ತಕ್ಕಡಿ ಅದನ್ನು ಗುರುತಿಸುವುದೇ ಇಲ್ಲ. ಆದ್ದರಿಂದ ಮೊದಲು ಗಾಢ ದ್ರಾವಣ ಮಾಡಿಟ್ಟುಕೊಳ್ಳಬೇಕು. 0.01 ಗ್ರಾಂ ತೋರಿಸುವ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ 2.46 ಗ್ರಾಂ ಎಪ್ಸಮ್ ಉಪ್ಪು ತೂಗಿ, ಆರ್‌ಒ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿ. ಇನ್ನೊಂದು ಬಾಟಲಿಯಲ್ಲಿ 1.68 ಗ್ರಾಂ ಸೋಡಾವನ್ನು ಹೀಗೆಯೇ ಕರಗಿಸಿ. ಕಾಫಿ ಮಾಡುವಾಗ ಮೊದಲನೆಯದರಿಂದ 80 ಮಿಲಿಲೀಟರ್, ಎರಡನೆಯದರಿಂದ 40, ಉಳಿದ 880 ಬರಿಯ ಆರ್‌ಒ ನೀರು. ಬಾಟಲಿಗಳು ಬೇರೆ ಬೇರೆಯಾಗಿರುವುದರಲ್ಲೇ ಇದರ ಅನುಕೂಲವಿದೆ. ಹುಳಿ ಹೆಚ್ಚೆನಿಸಿದರೆ ಸೋಡಾ ದ್ರಾವಣವನ್ನು 50ಕ್ಕೆ ಏರಿಸಿ ಬರಿಯ ನೀರನ್ನು 870ಕ್ಕೆ ಇಳಿಸಿ. ಸಪ್ಪೆಯಾದರೆ ಸೋಡಾವನ್ನು 30ಕ್ಕೆ ಇಳಿಸಿ. ಮೊದಲನೆಯ ಬಾಟಲಿಯನ್ನು ಮುಟ್ಟಬೇಡಿ. ಒಮ್ಮೆಗೆ ಒಂದನ್ನೇ ಬದಲಿಸಿದರೆ ರುಚಿಯ ಬದಲಾವಣೆ ಯಾವುದರಿಂದ ಬಂತೆಂದು ತಿಳಿಯುತ್ತದೆ. ಈ ಪರೀಕ್ಷೆ ಹಾಲಿಲ್ಲದ ಕಾಫಿಯಲ್ಲೇ ಆಗಬೇಕು. ಹಾಲು ಬಿದ್ದರೆ ಇಷ್ಟು ಸಣ್ಣ ವ್ಯತ್ಯಾಸ ಮರೆಯಾಗುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ನೀರಿನಿಂದಲೇ. ಮನೆಯ ಅನೇಕ ಆರ್‌ಒ ಯಂತ್ರಗಳು ರುಚಿಗೆಂದು ಸ್ವಲ್ಪ ಮೂಲ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತವೆ. ಟಿಡಿಎಸ್ ಮೀಟರ್ ಅದ್ದಿ ನೋಡಿ: 10ರ ಒಳಗಿದ್ದರೆ ಈ ಅಳತೆ ಸರಿಹೊಂದುತ್ತದೆ, 60–70 ತೋರಿಸಿದರೆ ಆ ನೀರಿನಲ್ಲಿ ಏನಿದೆಯೆಂದು ತಿಳಿಯದೆ ಅದರ ಮೇಲೆ ಲೆಕ್ಕ ಕಟ್ಟಲಾಗದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಕುಡಿಯಲು ತಯಾರಿಸಿದ್ದಲ್ಲ, ಗಿಡಗಳಿಗೆ ಮಾರುವ ಎಪ್ಸಮ್ ಉಪ್ಪೂ ಅಷ್ಟೇ. ಆಹಾರ ದರ್ಜೆಯದನ್ನೇ ಕೊಳ್ಳಿ. ಅದರ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡಿ. ಎಪ್ಸಮ್ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಒಣಹವೆಯಲ್ಲಿ ಅದು ಆರಿಹೋಗಿ ಹರಳು ಬಿಳಿ ಪುಡಿಯಾದರೆ, ಅದೇ 2.46 ಗ್ರಾಮಿನಲ್ಲಿ ಮೆಗ್ನೀಸಿಯಂ ಹೆಚ್ಚಾಗಿಬಿಟ್ಟಿರುತ್ತದೆ.