ಪಟ್ಟಿ ಸಲ್ಲಿಕೆಯಾಗಿದೆಯೋ, ಸಲ್ಲಿಕೆಯಾಗಿವೆಯೋ?

‘ಸದಸ್ಯರ ಬೇಡಿಕೆಗಳ ಪಟ್ಟಿ ಒಕ್ಕೂಟಕ್ಕೆ ಸಲ್ಲಿಕೆಯಾಗಿವೆ.’

ಮಂಡ್ಯ ಜಿಲ್ಲೆಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ವರದಿ ಈ ವಾಕ್ಯದಿಂದ ಶುರುವಾಗುತ್ತಿತ್ತು. ಮೈಸೂರಿನ ಮುದ್ರಣಾಲಯಗಳಿಗೆ ಕರಡು ತಿದ್ದಿಕೊಡುವುದು ನನ್ನ ಕೆಲಸ. ಆಗಸ್ಟ್‌, ಸೆಪ್ಟೆಂಬರ್‌ ಬಂತೆಂದರೆ ಸಂಘಗಳ ಮಹಾಸಭೆಯ ಕಾಲ, ಇಂಥ ವರದಿಗಳು ಒಂದರ ಹಿಂದೆ ಒಂದು ಬರುತ್ತವೆ. ಬರೆಯುವವರು ಕನ್ನಡ ಚೆನ್ನಾಗಿ ಬಲ್ಲವರೇ. ಕಾಗುಣಿತದ ತಪ್ಪು ಕಡಿಮೆ. ಆದರೆ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಿಕೆ ತಪ್ಪುವುದು ಮಾತ್ರ ಪುಟಪುಟದಲ್ಲೂ ಕಾಣುತ್ತದೆ. ಅದರಲ್ಲೂ ‘ಇದೆ’ ಮತ್ತು ‘ಇವೆ’ಗಳ ನಡುವೆ.

ಮೇಲಿನ ವಾಕ್ಯದಲ್ಲಿ ಸಲ್ಲಿಕೆಯಾದದ್ದು ಯಾವುದು? ಪಟ್ಟಿ. ಪಟ್ಟಿ ಒಂದೇ. ಆದ್ದರಿಂದ ‘ಸಲ್ಲಿಕೆಯಾಗಿದೆ’ ಎನ್ನಬೇಕು. ಬರೆದವರ ಕೈಯನ್ನು ‘ಇವೆ’ ಕಡೆಗೆ ಎಳೆದದ್ದು ನಡುವಿನ ‘ಬೇಡಿಕೆಗಳ’ ಎಂಬ ಬಹುವಚನ. ಆದರೆ ‘ಬೇಡಿಕೆಗಳ’ ಷಷ್ಠೀ ವಿಭಕ್ತಿಯಲ್ಲಿದೆ, ಅದು ಪಟ್ಟಿ ಯಾವುದರದು ಎಂದು ಹೇಳುತ್ತದೆ, ಅಷ್ಟೆ. ಕನ್ನಡದಲ್ಲಿ ವಿಶೇಷಣಗಳೂ ಷಷ್ಠೀ ಪದಗಳೂ ಮೊದಲು ಬಂದು, ಮುಖ್ಯ ನಾಮಪದ ಕೊನೆಗೆ ಬರುತ್ತದೆ. ಕ್ರಿಯಾಪದ ನೋಡಬೇಕಾದದ್ದು ಆ ಕೊನೆಯ ಪದವನ್ನು. ದಸರಾ ವರದಿಗಳಲ್ಲಿ ಪ್ರತಿವರ್ಷ ಕಾಣುವ ‘ಸ್ತಬ್ಧಚಿತ್ರಗಳ ಸಾಲು ಹೊರಟಿವೆ’ ಎಂಬುದೂ ಇದೇ ತಪ್ಪು. ಹೊರಟದ್ದು ಸಾಲು, ಹಾಗಾಗಿ ‘ಹೊರಟಿದೆ’.

‘ಸದಸ್ಯರ ಪಟ್ಟಿ ಬಂದಿದ್ದಾರೆ’ ಎಂದು ಯಾರೂ ಬರೆಯುವುದಿಲ್ಲ. ಅಲ್ಲಿಯೂ ‘ಸದಸ್ಯರ’ ಎಂಬುದು ಬಹುವಚನವೇ, ಕ್ರಿಯಾಪದಕ್ಕೆ ಹತ್ತಿರವೇ ಇದೆ. ಆದರೆ ಮನುಷ್ಯರಿಗೆ ಹೇಳುವ ‘ಇದ್ದಾರೆ’ಯನ್ನು ಪಟ್ಟಿಗೆ ಹಚ್ಚಿದರೆ ಕಿವಿ ತಕ್ಷಣ ತಡೆಯುತ್ತದೆ. ನಪುಂಸಕಲಿಂಗದಲ್ಲಿ ಏಕವಚನಕ್ಕೂ ಬಹುವಚನಕ್ಕೂ ಎಷ್ಟೋ ಕಡೆ ಇರುವುದು ಒಂದಕ್ಷರದ ಅಂತರ: ಇದೆ–ಇವೆ, ಬರುತ್ತದೆ–ಬರುತ್ತವೆ. ಕಿವಿಗೆ ಅದು ಅಷ್ಟಾಗಿ ತಾಕುವುದಿಲ್ಲ. ನಿಷೇಧದಲ್ಲಂತೂ ಆ ಅಂತರವೂ ಇಲ್ಲ. ಪಟ್ಟಿಯೂ ಬಂದಿಲ್ಲ, ಪಟ್ಟಿಗಳೂ ಬಂದಿಲ್ಲ. ಬೇಕು, ಬೇಡ, ಬಹುದು ಇವೂ ಯಾವ ಕರ್ತೃಪದಕ್ಕೂ ರೂಪ ಬದಲಿಸುವುದಿಲ್ಲ.

ಹಾಗಾಗಿ ಕಿವಿಯನ್ನು ನಂಬದೆ ಹೀಗೆ ಪರೀಕ್ಷಿಸಬೇಕು. ವಾಕ್ಯದ ಕೊನೆಯ ಕ್ರಿಯಾಪದದ ಮುಂದೆ ‘ಯಾರು’ ಅಥವಾ ‘ಯಾವುದು’ ಎಂಬ ಪ್ರಶ್ನೆ ಇಡಿ. ಉತ್ತರವಾಗಿ ಬರುವ ಪದ ಪ್ರಥಮಾ ವಿಭಕ್ತಿಯಲ್ಲಿರಬೇಕು, ಅಂದರೆ ಅದಕ್ಕೆ ಅನ್ನು, ಇಂದ, ಗೆ, ಅ, ಅಲ್ಲಿ ಯಾವುದೂ ಅಂಟಿರಬಾರದು. ಆ ಪದ ಏಕವಚನವೋ ಬಹುವಚನವೋ ನೋಡಿ ಕ್ರಿಯಾಪದ ಹೊಂದಿಸಿ. ಅದೇ ವರದಿಯ ಇನ್ನೊಂದು ವಾಕ್ಯ: ‘ಶೇಖರಣಾ ಕೊಠಡಿಯ ಕಿಟಕಿಗಳು ಸದಸ್ಯರ ಒತ್ತಾಯದ ಮೇರೆಗೆ ಸಂಘದ ಸ್ವಂತ ಹಣದಿಂದ ದುರಸ್ತಿಯಾಗಿದೆ.’ ಇಲ್ಲಿ ತಪ್ಪು ತಿರುಗುಮುರುಗು. ಕಿಟಕಿಗಳು ಎಂದು ಬರೆದು ಐದಾರು ಪದ ದಾಟುವಷ್ಟರಲ್ಲಿ ಅದು ಮರೆತುಹೋಗಿ, ಪಕ್ಕದ ‘ಹಣ’ವೇ ಮನಸ್ಸಿನಲ್ಲಿ ನಿಂತಿದೆ. ಯಾವುದು ದುರಸ್ತಿಯಾಗಿದೆ ಎಂದು ಕೇಳಿದರೆ ಉತ್ತರ ‘ಕಿಟಕಿಗಳು’, ಹಾಗಾಗಿ ‘ದುರಸ್ತಿಯಾಗಿವೆ’.

ಈ ಪ್ರಶ್ನೆಗೆ ಉತ್ತರವೇ ಸಿಗದ ವಾಕ್ಯಗಳೂ ಇವೆ. ಕಚೇರಿ ಕನ್ನಡದ ಅತಿ ದೊಡ್ಡ ತೊಡಕು ಅಲ್ಲೇ ಇರುವುದು. ‘ಈ ವರ್ಷ ಎರಡು ಹೊಸ ಯಂತ್ರಗಳನ್ನು ಖರೀದಿಸಲಾಗಿವೆ’ ಎಂದು ವರದಿಯಲ್ಲಿತ್ತು. ಸರಿಯಾದ ರೂಪ ‘ಖರೀದಿಸಲಾಗಿದೆ’. ಯಂತ್ರಗಳು ಎರಡಿದ್ದರೂ, ಇಪ್ಪತ್ತಿದ್ದರೂ ಅಷ್ಟೆ. ‘ಯಂತ್ರಗಳನ್ನು’ ದ್ವಿತೀಯಾ ವಿಭಕ್ತಿಯಲ್ಲಿದೆ, ಅದು ಕರ್ಮಪದ. ಖರೀದಿಸಿದವರು ವಾಕ್ಯದಲ್ಲೇ ಇಲ್ಲ. ಪ್ರಥಮಾ ವಿಭಕ್ತಿಯ ಪದ ಒಂದೂ ಇಲ್ಲದಿರುವುದರಿಂದ ಕ್ರಿಯಾಪದ ಹೊಂದಿಕೊಳ್ಳಲು ಯಾರೂ ಇಲ್ಲದೆ ನಪುಂಸಕ ಏಕವಚನದಲ್ಲೇ ನಿಲ್ಲುತ್ತದೆ. ಅನುಮಾನವಿದ್ದರೆ ಯಂತ್ರಗಳ ಜಾಗದಲ್ಲಿ ಮನುಷ್ಯರನ್ನಿಟ್ಟು ನೋಡಿ. ‘ಇಬ್ಬರು ಗುಮಾಸ್ತರನ್ನು ನೇಮಿಸಲಾಗಿದ್ದಾರೆ’ ಎನ್ನುತ್ತೇವೆಯೇ? ‘ನೇಮಿಸಲಾಗಿದೆ’ ಎಂದೇ ಎನ್ನುತ್ತೇವೆ. ಗುಮಾಸ್ತರಿಗೆ ಬದಲಾಗದ್ದು ಯಂತ್ರಗಳಿಗೂ ಬದಲಾಗಬಾರದು.

ಗೊಂದಲ ಹುಟ್ಟಲು ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗವೂ ಕಾರಣ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬಲ್ಲಿ ಕರ್ಮಪದವಾದ ರಾವಣ ಪ್ರಥಮಾ ವಿಭಕ್ತಿಗೆ ಬಂದಿದ್ದಾನೆ, ಕ್ರಿಯಾಪದ ಅವನನ್ನು ಅನುಸರಿಸಿದೆ. ಅದೇ ರೀತಿ ‘ಯಂತ್ರಗಳು ಖರೀದಿಸಲ್ಪಟ್ಟಿವೆ’ ಎಂಬುದು ವ್ಯಾಕರಣಕ್ಕೆ ಸರಿ, ಓದಲು ಭಾರ. ಅಲ್ಪಡು ರೂಪದ ನಿಯಮವನ್ನು ಲಾಗಿದೆ ರೂಪಕ್ಕೆ ಹಚ್ಚಿದಾಗ ‘ಖರೀದಿಸಲಾಗಿವೆ’ ಹುಟ್ಟುತ್ತದೆ. ನಾನು ಸಾಮಾನ್ಯವಾಗಿ ಸೂಚಿಸುವುದು ಮೂರನೆಯ ದಾರಿ: ‘ಸಂಘವು ಎರಡು ಹೊಸ ಯಂತ್ರಗಳನ್ನು ಖರೀದಿಸಿದೆ.’ ಹಣ ಸದಸ್ಯರದು, ಖರ್ಚು ಮಾಡಿದ್ದು ಯಾರೆಂದು ವರದಿ ಹೇಳಲೇಬೇಕು.

ಒಂದು ಎಚ್ಚರಿಕೆ. ತಲೆಬರಹಗಳಲ್ಲಿ ‘ಅನ್ನು’ ಬಿಟ್ಟು ‘ಎರಡು ಯಂತ್ರ ಖರೀದಿಸಲಾಗಿದೆ’ ಎಂದು ಬರೆಯುವುದುಂಟು. ಪ್ರತ್ಯಯ ಕಾಣದಿದ್ದರೂ ಪದ ಕರ್ಮಪದವೇ, ಆದ್ದರಿಂದ ಅಲ್ಲಿಯೂ ‘ಇದೆ’ಯೇ ಸರಿ.

ಇನ್ನು ಆ ವರದಿಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ವಾಕ್ಯ: ‘ಅಧ್ಯಕ್ಷರು ದೀಪ ಬೆಳಗಿಸಿ, ಸಭೆಯನ್ನು ಉದ್ಘಾಟಿಸಿ, ಹೆಚ್ಚು ಹಾಲು ಹಾಕಿದ ಮೂವರು ಸದಸ್ಯರಿಗೆ ಬಹುಮಾನಗಳನ್ನು ವಿತರಿಸಲಾಯಿತು.’ ಮೇಲುನೋಟಕ್ಕೆ ಏನೂ ಊನವಿಲ್ಲ. ನಡುವಿನದೆಲ್ಲ ತೆಗೆದು ಮೊದಲ ಪದ, ಕೊನೆಯ ಪದ ಮಾತ್ರ ಓದಿ: ‘ಅಧ್ಯಕ್ಷರು ವಿತರಿಸಲಾಯಿತು.’ ತಪ್ಪು ಆಗ ಕಾಣುತ್ತದೆ. ಬೆಳಗಿಸಿ, ಉದ್ಘಾಟಿಸಿ ಎಂಬವು ಅಪೂರ್ಣ ಕ್ರಿಯೆಗಳು. ಅವುಗಳ ಕರ್ತೃ ಯಾರೋ ಕೊನೆಯ ಪೂರ್ಣ ಕ್ರಿಯಾಪದದ ಕರ್ತೃವೂ ಸಾಮಾನ್ಯವಾಗಿ ಅವರೇ. ‘ಅಧ್ಯಕ್ಷರು’ ಎಂದು ಆರಂಭಿಸಿದ ಮೇಲೆ ಕೊನೆಯಲ್ಲಿ ‘ವಿತರಿಸಿದರು’ ಬರಲೇಬೇಕು. ‘ಲಾಯಿತು’ ಬಂದರೆ ಅಧ್ಯಕ್ಷರು ಕ್ರಿಯಾಪದವಿಲ್ಲದೆ ಉಳಿಯುತ್ತಾರೆ.

‘ವಿತರಿಸಿದರು’ ಎಂದು ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಇಂಥ ಕಡೆ ವ್ಯಾಕರಣ ಸರಿಮಾಡಲು ಹೋಗಿ ಸಂಗತಿಯನ್ನೇ ಕೆಡಿಸುವ ಅಪಾಯವಿದೆ. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಬಹುಮಾನ ಕೊಟ್ಟವರು ಯಾರು ಎಂದು ಕೇಳಿದೆ. “ಅಧ್ಯಕ್ಷರಲ್ಲ ಸಾರ್, ಒಕ್ಕೂಟದಿಂದ ಒಬ್ಬರು ಅಧಿಕಾರಿ ಬಂದಿದ್ರಲ್ಲ, ಅವರು ಕೊಟ್ಟಿದ್ದು” ಎಂದರು. ಹಾಗಾದರೆ ವಾಕ್ಯವನ್ನು ಎರಡು ಮಾಡದೆ ವಿಧಿಯಿಲ್ಲ: ‘ಅಧ್ಯಕ್ಷರು ದೀಪ ಬೆಳಗಿಸಿ ಸಭೆಯನ್ನು ಉದ್ಘಾಟಿಸಿದರು. ಹೆಚ್ಚು ಹಾಲು ಹಾಕಿದ ಮೂವರು ಸದಸ್ಯರಿಗೆ ಒಕ್ಕೂಟದ ಅಧಿಕಾರಿ ಬಹುಮಾನಗಳನ್ನು ವಿತರಿಸಿದರು.’ ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಂಥ ವಾಕ್ಯ ಬೇರೆ. ಅಲ್ಲಿ ಬಂದದ್ದು ಮಳೆ, ಹಾಳಾದದ್ದು ಬೆಳೆ, ಆದರೂ ತಪ್ಪಿಲ್ಲ. ಎರಡು ಕ್ರಿಯೆಗೂ ಅದರದರ ಕರ್ತೃ ಪಕ್ಕದಲ್ಲೇ ಇದೆ, ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿದೆ.

‘ಪ್ರತಿಯೊಬ್ಬ ಸದಸ್ಯರುಗಳು’ ಎಂಬುದನ್ನು ಬೇಗ ಮುಗಿಸಬಹುದು. ‘ಸದಸ್ಯರು’ ಎಂಬಲ್ಲೇ ಬಹುವಚನವಿದೆ, ಅದರ ಮೇಲೆ ‘ಗಳು’ ಬೇಡ. ‘ಪ್ರತಿಯೊಬ್ಬ’ ಎಂದ ಮೇಲೆ ಒಬ್ಬೊಬ್ಬರ ಮಾತು. ‘ಪ್ರತಿಯೊಬ್ಬ ಸದಸ್ಯರೂ ರಸೀದಿ ತಂದಿದ್ದರು’ ಎಂದರೆ ಸರಿ, ಅಲ್ಲಿರುವುದು ಗೌರವದ ಬಹುವಚನ. ‘ಎಲ್ಲ ಸದಸ್ಯರೂ’ ಎಂದರೆ ಇನ್ನೂ ಸಲೀಸು. ‘ಆಡಳಿತ ಮಂಡಳಿ ತೀರ್ಮಾನಿಸಿದ್ದಾರೆ’ ಎಂಬುದನ್ನು ‘ತೀರ್ಮಾನಿಸಿದೆ’ ಎಂದು ತಿದ್ದಬೇಕು. ಒಳಗಿರುವ ಜನರನ್ನೇ ಹೇಳಬೇಕಿದ್ದರೆ ‘ಮಂಡಳಿಯವರು ತೀರ್ಮಾನಿಸಿದ್ದಾರೆ’ ಎನ್ನಿ. ‘ಜನ’ ಎಂಬ ಪದ ಮಾತ್ರ ರೂಪದಲ್ಲಿ ಏಕವಚನವಾಗಿದ್ದೂ ‘ಜನ ಬಂದಿದ್ದರು’ ಎಂದು ಮನುಷ್ಯರ ಬಹುವಚನವನ್ನು ಸಹಜವಾಗಿ ತೆಗೆದುಕೊಳ್ಳುತ್ತದೆ.

ಸಂಖ್ಯೆ ಕಂಡ ಕೂಡಲೇ ‘ಇವೆ’ ಬರೆಯುವುದೂ ಸರಿಯಲ್ಲ. ‘ಹತ್ತು ಸಾವಿರ ಲೀಟರ್ ಹಾಲು ಶೇಖರಣೆಯಾಗಿವೆ’ ಎಂಬಲ್ಲಿ ಶೇಖರಣೆಯಾದದ್ದು ಹಾಲು. ಲೀಟರ್ ಅದರ ಅಳತೆ. ಹಾಲನ್ನು ಅಳೆಯುತ್ತೇವೆ, ಎಣಿಸುವುದಿಲ್ಲ, ಆದ್ದರಿಂದ ‘ಆಗಿದೆ’. ‘ಇನ್ನೂರು ಚೀಲ ಪಶು ಆಹಾರ ಬಂದಿದೆ’ ಎನ್ನುವಾಗ ಚೀಲವೂ ಅಳತೆಯೇ. ಆದರೆ ಗೋದಾಮಿನಲ್ಲಿ ಇಲಿ ಕಡಿದು ‘ಇಪ್ಪತ್ತು ಚೀಲಗಳು ಹರಿದಿವೆ’ ಎಂದಾಗ ಚೀಲವೇ ಕರ್ತೃ, ಅದನ್ನು ಎಣಿಸುತ್ತಿದ್ದೇವೆ. ‘ಎರಡು ಬಸ್ಸು ಹೋಯ್ತು’ ಎನ್ನುವುದು ನಮ್ಮ ಕಡೆ ದಿನನಿತ್ಯದ ಮಾತು. ಕತೆಯೊಂದರ ಪಾತ್ರ ಹಾಗೆಂದರೆ ನಾನು ಮುಟ್ಟುವುದಿಲ್ಲ. ವರದಿಯಲ್ಲಿ ಬಂದರೆ ‘ಹೋದವು’ ಎಂದು ಮಾಡುತ್ತೇನೆ.

ಮೈಸೂರಿನವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ದಸರಾ ಆನೆಯದು. ‘ಅಭಿಮನ್ಯು ಅಂಬಾರಿ ಹೊತ್ತಿತು’ ಎನ್ನಬೇಕೋ, ‘ಹೊತ್ತ’ ಎನ್ನಬೇಕೋ? ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಮನುಷ್ಯರಲ್ಲದ್ದು ಸಾಮಾನ್ಯವಾಗಿ ನಪುಂಸಕಲಿಂಗ, ಆದ್ದರಿಂದ ‘ಆನೆ ಹೊತ್ತಿತು’. ಹೆಸರಿಟ್ಟು, ಮನೆಯವನಂತೆ ಕಂಡು ಮಾತನಾಡುವಾಗ ‘ಅಭಿಮನ್ಯು ಹೊತ್ತ’ ಎಂಬ ಪುಲ್ಲಿಂಗವೂ ಅಷ್ಟೇ ಸಹಜ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಒಂದೇ ಬರಹದಲ್ಲಿ ಬೆರೆಸಬೇಡಿ. ‘ಅಭಿಮನ್ಯು ಹೆಜ್ಜೆ ಹಾಕಿತು, ಅವನ ಅಕ್ಕಪಕ್ಕ…’ ಎಂದು ಬರೆದರೆ ಮೊದಲರ್ಧದಲ್ಲಿ ಪ್ರಾಣಿ, ಎರಡನೆಯ ಅರ್ಧದಲ್ಲಿ ಮನುಷ್ಯ. ಪುಲ್ಲಿಂಗ ಆರಿಸಿಕೊಂಡವರಿಗೆ ‘ಅಭಿಮನ್ಯು ಮತ್ತು ಕುಮ್ಕಿ ಆನೆಗಳು’ ಎಂದು ಜೊತೆಗೂಡಿಸಿದಾಗ ಮತ್ತೆ ತೊಡಕು: ‘ಸಾಗಿದರು’ ಎಂದರೆ ಕುಮ್ಕಿ ಆನೆಗಳಿಗೆ ಒಗ್ಗದು, ‘ಸಾಗಿದವು’ ಎಂದರೆ ಅಭಿಮನ್ಯುವಿಗೆ ಒಗ್ಗದು. ಅಲ್ಲಿ ವಾಕ್ಯವನ್ನು ಬಿಡಿಸುವುದೇ ಮೇಲು: ‘ಅಭಿಮನ್ಯು ಅಂಬಾರಿ ಹೊತ್ತು ನಡೆದ. ಕುಮ್ಕಿ ಆನೆಗಳು ಅವನ ಎಡಬಲದಲ್ಲಿ ಸಾಗಿದವು.’