ದುಭಾಷಿ ಬೇಕೆಂದು ಬರೆಯುವುದು: ಬಳ್ಳಾರಿಯ ಜೀನ್ಸ್ ಘಟಕದ ಉದಾಹರಣೆಯೊಂದಿಗೆ

ದುಭಾಷಿಗಾಗಿ ಮನವಿ ಬರೆಯಿರಿ ಅಂದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಸಾಲು: ‘14ರಂದು ಜಪಾನಿನ ಅತಿಥಿಗಳು ಬರುತ್ತಿದ್ದಾರೆ, ಒಬ್ಬ ದುಭಾಷಿ ಬೇಕು.’ ಇಷ್ಟನ್ನೇ ನೋಡಿ ಯಾರನ್ನು ಕಳಿಸಬೇಕು, ಎಷ್ಟು ಕೇಳಬೇಕು ಅಂತ ಏಜೆನ್ಸಿಯವರಿಗೆ ತಿಳಿಯುವುದಿಲ್ಲ. ಒಂದು ಉದಾಹರಣೆ ಹಿಡಿದು ನೋಡೋಣ. ಬಳ್ಳಾರಿಯ ಒಂದು ಜೀನ್ಸ್ ಘಟಕಕ್ಕೆ ಮೂವರು ಜಪಾನಿ ಖರೀದಿದಾರರು ಬರುತ್ತಾರೆ ಅಂದುಕೊಳ್ಳಿ. ನಮ್ಮ ಕಡೆ ಮಾಲೀಕರಿಗೆ ಇಂಗ್ಲಿಷ್ ಬರುತ್ತದೆ. ಕಟಿಂಗ್ ಮಾಸ್ಟರ್‌ಗೆ ಕನ್ನಡ, ತೆಲುಗು ಅಷ್ಟೇ.

ಮೊದಲ ತೊಡಕು ಇಲ್ಲೇ ಇದೆ. ಜಪಾನಿ-ಇಂಗ್ಲಿಷ್ ದುಭಾಷಿಗಳು ಬೆಂಗಳೂರಿನಲ್ಲಿ ಸಿಗುತ್ತಾರೆ. ಜಪಾನಿಯಿಂದ ನೇರ ಕನ್ನಡಕ್ಕೆ ಹೇಳುವವರು ತೀರಾ ಕಡಿಮೆ. ಹಾಗಾಗಿ ಮಾಸ್ಟರ್ ಕನ್ನಡದಲ್ಲಿ ಹೇಳಿದ್ದನ್ನು ನಮ್ಮವರೊಬ್ಬರು ಇಂಗ್ಲಿಷ್‌ಗೆ ತಂದು, ಅದನ್ನು ದುಭಾಷಿ ಜಪಾನಿಗೆ ತರಬೇಕು. ಒಂದೇ ಮಾತು ಮೂರು ಸಲ! ಅದಕ್ಕೇ ನಮ್ಮ ಕಡೆ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ಮನವಿಯಲ್ಲೇ ಬರೆಯಬೇಕು. ನನ್ನ ಪ್ರಕಾರ ಕೋಣೆಯ ಮಾತುಕತೆ ಮಾಲೀಕರಿಗೆ ಬಿಟ್ಟು, ಮಾಸ್ಟರ್ ಅವರನ್ನು ಯಂತ್ರದ ಮುಂದೆ ಮಾತ್ರ ಮಾತಾಡಿಸುವುದು ವಾಸಿ. ಅಲ್ಲಿ ಕೈ ತೋರಿಸಿದರೂ ಅರ್ಧ ಕೆಲಸ ಆಗುತ್ತದೆ.

ಇನ್ನು ಅವಧಿ. ಒಬ್ಬರು ಮಾತು ನಿಲ್ಲಿಸಿದ ಮೇಲೆ ದುಭಾಷಿ ಹೇಳುವ ಕ್ರಮದಲ್ಲಿ ಸಮಯ ಹೆಚ್ಚುಕಡಿಮೆ ಎರಡರಷ್ಟು ಹಿಡಿಯುತ್ತದೆ. ಪರಿಚಯ 20 ನಿಮಿಷ, ಗುಣಮಟ್ಟ 40, ರೇಟ್ 30 ಅಂತ ಒಂದೂವರೆ ಗಂಟೆಯ ಮಾತು ಇದ್ದರೆ, ಕಾರ್ಯಸೂಚಿಯಲ್ಲಿ ಮೂರು ಗಂಟೆ ಇಡಿ. ಮಾತಿನ ಜೊತೆಜೊತೆಗೇ ಹೇಳುವ ಕ್ರಮ ಬೇಗ ಮುಗಿಯುತ್ತದೆ, ನಿಜ. ಆದರೆ ಅದು ತುಂಬಾ ದಣಿಸುವ ಕೆಲಸ. ಅದಕ್ಕೆ ಇಬ್ಬರು ಬೇಕು, 20–30 ನಿಮಿಷಕ್ಕೊಮ್ಮೆ ಸರದಿ ಬದಲಾಯಿಸುತ್ತಾರೆ. ಮೂವರು ಅತಿಥಿಗಳಿಗೆ ಅಷ್ಟೆಲ್ಲ ಬೇಡ. ವಾಶಿಂಗ್ ಘಟಕ ನೋಡುವ ಸಮಯವನ್ನು ಬೇರೆಯಾಗಿ ಬರೆಯಿರಿ, ಅಲ್ಲಿ ಗದ್ದಲ ಜಾಸ್ತಿ ಅಂತಲೂ ತಿಳಿಸಿ. ಮೈಕ್ ಮತ್ತು ಕಿವಿಗೆ ಹಾಕುವ ಚಿಕ್ಕ ಸೆಟ್ ಬಾಡಿಗೆಗೆ ಬೇಕಾಗಬಹುದು. ಊಟವೂ ಕೆಲಸದ ಹೊತ್ತೇ ಅನ್ನುವುದು ಮರೆಯಬೇಡಿ. ಅತಿಥಿಗಳು ಹರಟುತ್ತಾ ಊಟ ಮಾಡಿದರೆ ದುಭಾಷಿಯ ಬಾಯಿಗೆ ತುತ್ತು ಹೋಗುವುದಿಲ್ಲ. ಅವರಿಗೆ ಬೇರೆ ಅರ್ಧ ಗಂಟೆ ಬಿಡಿ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದವರನ್ನು ನೇರ ಸಭೆಗೆ ಕೂರಿಸುವುದೂ ಬೇಡ. ಹಿಂದಿನ ದಿನವೇ ಕರೆಸಿ, ಉಳಿಯುವ ಖರ್ಚು ಯಾರದು ಅಂತ ಮೊದಲೇ ಬರೆಯಿರಿ.

ಪೂರ್ವಸಿದ್ಧತೆಯ ಸಾಮಗ್ರಿಯಲ್ಲಿ ಕಂಪನಿಯ ಬಣ್ಣದ ಬ್ರೋಷರ್ ಕಳಿಸಿ ಸುಮ್ಮನಾಗುವವರೇ ಹೆಚ್ಚು. ಅದರಿಂದ ದುಭಾಷಿಗೆ ಅಷ್ಟು ಉಪಯೋಗ ಇಲ್ಲ. ಬೇಕಾದದ್ದು ಕಾರ್ಯಸೂಚಿ, ಬರುವವರ ಹೆಸರು ಮತ್ತು ಹುದ್ದೆ, ಪರದೆಯಲ್ಲಿ ತೋರಿಸುವ ಪುಟಗಳು, ಹಿಂದಿನ ಪತ್ರವ್ಯವಹಾರ, ಮತ್ತು ಪದಪಟ್ಟಿ. ಪದಪಟ್ಟಿಯಲ್ಲಿ ಚಿತ್ರ ಇರಲಿ. ‘ಬಾರ್‌ಟ್ಯಾಕ್’ ಅಂತ ಬರೆದರೆ ಸಾಲದು, ಜೇಬಿನ ಮೂಲೆಯಲ್ಲಿ ದಾರ ಒತ್ತಾಗಿ ಹಾಕಿದ ಆ ಗಟ್ಟಿ ಹೊಲಿಗೆಯ ಫೋಟೊ ಪಕ್ಕದಲ್ಲಿರಬೇಕು. ಎಂಜೈಮ್ ವಾಶ್, ಸ್ಟೋನ್ ವಾಶ್ ಆದ ಬಟ್ಟೆ ಹೇಗಿರುತ್ತದೆ ಅನ್ನುವುದಕ್ಕೂ ಹಾಗೆಯೇ.

ಸಂಖ್ಯೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜಪಾನಿಯಲ್ಲಿ ದೊಡ್ಡ ಸಂಖ್ಯೆಗಳನ್ನು ಹತ್ತು ಸಾವಿರದ ಗುಂಪಿನಲ್ಲಿ ಎಣಿಸುತ್ತಾರೆ, ಆ ಗುಂಪಿಗೆ ‘ಮಾನ್’ ಅನ್ನುತ್ತಾರೆ. ನಮ್ಮ ಒಂದೂವರೆ ಲಕ್ಷ ಪೀಸು ಅವರಿಗೆ 15 ಮಾನ್. ನಾವು 1,50,000 ಅಂತ ಬರೆಯುವುದನ್ನು ಅವರು 150,000 ಅಂತ ಬರೆಯುತ್ತಾರೆ. ಮಾತಿನ ಓಟದಲ್ಲಿ ಒಂದು ಸೊನ್ನೆ ತಪ್ಪಿದರೆ ಆರ್ಡರೇ ಹತ್ತು ಪಟ್ಟು ಬದಲಾಗುತ್ತದೆ. ಆದ್ದರಿಂದ ಪ್ರಮಾಣ, ದರ, ತಾರೀಕು ಮೂರನ್ನೂ ಒಂದು ಹಾಳೆಯಲ್ಲಿ ಅಂಕಿಯಲ್ಲೇ ಕೊಡಿ. ದರ ಹೊರಗೆ ಹೋದೀತು ಅನ್ನುವ ಭಯ ಇದ್ದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿ. ಹಾಳೆಯನ್ನೇ ಮುಚ್ಚಿಡಬೇಡಿ.

ಮನವಿ ಹೀಗಿರಬಹುದು:

‘ವಿಷಯ: ಜಪಾನಿ-ಇಂಗ್ಲಿಷ್ ದುಭಾಷಿಗಾಗಿ ಕೋರಿಕೆ.
ಮಾನ್ಯರೇ, ಇದೇ 14ರಂದು ಬಳ್ಳಾರಿಯ ನಮ್ಮ ಘಟಕದಲ್ಲಿ ಮೂವರು ಜಪಾನಿ ಖರೀದಿದಾರರೊಂದಿಗೆ ಸಭೆ ಇದೆ. ವಿಷಯ: ಪುರುಷರ ಜೀನ್ಸ್‌ನ ಗುಣಮಟ್ಟ, ದರ ಮತ್ತು ಪೂರೈಕೆ. ಬೆಳಿಗ್ಗೆ 10ರಿಂದ 1ರವರೆಗೆ ಮಾತುಕತೆ, 2ರಿಂದ 3.30ರವರೆಗೆ ಘಟಕ ವೀಕ್ಷಣೆ. ಒಬ್ಬರು ಮಾತಾಡಿ ನಿಲ್ಲಿಸಿದ ಮೇಲೆ ಹೇಳುವ ಕ್ರಮ ಸಾಕು. ನಮ್ಮ ಕಡೆ ಒಬ್ಬರು ಇಂಗ್ಲಿಷ್, ಒಬ್ಬರು ಕನ್ನಡ ಮಾತಾಡುತ್ತಾರೆ. ಕನ್ನಡವೂ ಬಲ್ಲ ದುಭಾಷಿ ಸಿಕ್ಕರೆ ಒಳ್ಳೆಯದು. ಉಡುಪು ಉದ್ಯಮದ ಅನುಭವ ಇರುವವರಿಗೆ ಆದ್ಯತೆ. ಪ್ರಯಾಣ ಮತ್ತು 13ರ ರಾತ್ರಿಯ ವಸತಿ ನಮ್ಮದು. ಕಾರ್ಯಸೂಚಿ, ಪದಪಟ್ಟಿ, ಅಂಕಿಗಳ ಹಾಳೆಯನ್ನು 7ರೊಳಗೆ ಕಳಿಸುತ್ತೇವೆ. ದಯವಿಟ್ಟು ದರ ತಿಳಿಸಿ.’

ಸಾಮಗ್ರಿ ಕಳಿಸಿದ ಮೇಲೆ ದುಭಾಷಿಯಿಂದ ಏನು ಬರುತ್ತದೆ ನೋಡಿ. ‘ಬಟ್ಟೆಯ ತೂಕ 12 ಔನ್ಸ್ ಅಂದಿದ್ದೀರಿ, ವಾಶ್‌ಗೆ ಮೊದಲಿನದಾ, ಆಮೇಲಿನದಾ?’ ಅಂತ ಕೇಳುವವರು ಹಾಳೆ ಓದಿದ್ದಾರೆ ಅಂತ ಲೆಕ್ಕ. ಏನೂ ಕೇಳದಿದ್ದರೆ ಹಿಂದಿನ ಸಂಜೆ ಹತ್ತು ನಿಮಿಷ ಫೋನ್ ಮಾಡಿ, ಪದಪಟ್ಟಿಯನ್ನು ಒಟ್ಟಿಗೆ ಓದಿ.