ಮೇಲೇರಿದ್ದು ಬೇರೋ, ನೀರೋ?

ಕಲಬುರಗಿಯಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳ ಜೀವಶಾಸ್ತ್ರದ ಪುಸ್ತಕ ಬಿಚ್ಚಿ ನೋಡಿ. ಮೊದಲ ಪಾಠದ ಇಂಗ್ಲಿಷ್ ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಕನ್ನಡ ಅರ್ಥಗಳು ಒತ್ತೊತ್ತಾಗಿ ಇರುತ್ತವೆ. ಮೂರನೇ ಪುಟಕ್ಕೆ ಅವು ವಿರಳವಾಗುತ್ತವೆ. ಐದನೇ ಪುಟದ ಹೊತ್ತಿಗೆ ಪೆನ್ಸಿಲ್ ನಿಂತಿರುತ್ತದೆ. ಓದೂ ಅಲ್ಲೇ ನಿಂತಿರುತ್ತದೆ.

ನಾನು ಹಲವು ವರ್ಷಗಳಿಂದ ಆಳಂದ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಬರುವ ಇಂಥ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಒಮ್ಮೆ ಒಂದು ಸಾಲು ಕೊಟ್ಟೆ. ‘ದಿ ವಾಟರ್ ದಟ್ ಈಸ್ ಅಬ್ಸಾರ್ಬ್ಡ್ ಬೈ ದಿ ರೂಟ್ಸ್ ಮೂವ್ಸ್ ಅಪ್ ಥ್ರೂ ದಿ ಕ್ಸೈಲಂ.’ ಒಂದೊಂದು ಪದದ ಅರ್ಥವೂ ಹುಡುಗನಿಗೆ ಗೊತ್ತಿತ್ತು. ವಾಟರ್ ಎಂದರೆ ನೀರು, ರೂಟ್ಸ್ ಎಂದರೆ ಬೇರುಗಳು, ಮೂವ್ಸ್ ಅಪ್ ಎಂದರೆ ಮೇಲೆ ಹೋಗುವುದು, ಕ್ಸೈಲಂ ಎಂದರೆ ಗಿಡದೊಳಗೆ ನೀರು ಸಾಗಿಸುವ ನಾಳ. ಸಾಲು ಏನು ಹೇಳುತ್ತದೆ ಅಂತ ಕೇಳಿದೆ. ‘ಬೇರು ಮ್ಯಾಲೆ ಹೋಗ್ತಾವ್ರಿ ಸರ್’ ಅಂದ.

ಬೇರು ಮೇಲಕ್ಕೆ ಹೋಗುವುದಿಲ್ಲ ಅಂತ ಹೊಲದಲ್ಲಿ ಬೆಳೆದ ಆ ಹುಡುಗನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಆದರೆ ಇಂಗ್ಲಿಷ್ ಸಾಲಿನಲ್ಲಿ ‘ರೂಟ್ಸ್’ ಮತ್ತು ‘ಮೂವ್ಸ್’ ಪಕ್ಕಪಕ್ಕ ನಿಂತಿವೆ. ಅವನು ಅವೆರಡನ್ನೂ ಜೋಡಿಸಿಬಿಟ್ಟ. ಪದಗಳ ಅರ್ಥ ಸಿಕ್ಕಿತು, ಸಾಲಿನ ಅರ್ಥ ತಪ್ಪಿತು.

ಓದುವ ಭಾಷೆ ನಡುವೆ ಬದಲಾಗುವುದು ನಮ್ಮ ಭಾಗಕ್ಕೆ ಹೊಸದಲ್ಲ. 1948ರವರೆಗೆ ಕಲಬುರಗಿ, ಬೀದರ್, ಯಾದಗಿರಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಅದಕ್ಕೆ ಬೇಕಾದ ಪುಸ್ತಕಗಳಿಗಾಗಿ ಒಂದು ಅನುವಾದ ವಿಭಾಗವನ್ನೇ ತೆರೆದಿದ್ದರು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಮೇಲಿನ ಓದಿಗೆ ಹೋಗಬೇಕೆಂದರೆ ಉರ್ದು ದಾಟಲೇಬೇಕಿತ್ತು. 1956ರಲ್ಲಿ ಈ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು, ಶಾಲೆಯಲ್ಲಿ ಕನ್ನಡ ಗಟ್ಟಿಯಾಯಿತು. ಹೀಗಾಗಿ ಅಜ್ಜ ಉರ್ದುವಿನಲ್ಲಿ, ಅಪ್ಪ ಕನ್ನಡದಲ್ಲಿ, ಮೊಮ್ಮಗಳು ಇಂಗ್ಲಿಷ್‌ನಲ್ಲಿ ಓದಿದ ಮನೆಗಳು ಇಲ್ಲಿ ಇವೆ.

ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಆಗ ಬೇರೆಯೇ ಗಾಳಿ ಬೀಸುತ್ತಿತ್ತು. 1958ರಲ್ಲಿ ಹೈದರಾಬಾದಿನಲ್ಲಿ, 1963ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ಸಂಸ್ಥೆಗಳು ಬಂದವು. ಹಳೆಯ ಭಾಷಾಂತರ ಪದ್ಧತಿಯಲ್ಲಿ ಮಕ್ಕಳು ವ್ಯಾಕರಣ ಬಾಯಿಪಾಠ ಮಾಡುತ್ತಾರೆಯೇ ಹೊರತು ಭಾಷೆ ಕಲಿಯುವುದಿಲ್ಲ ಎಂಬ ದೂರಿತ್ತು, ಅದು ನಿಜವೂ ಆಗಿತ್ತು. ಅದಕ್ಕೆ ಪರಿಹಾರವಾಗಿ ಬಂದದ್ದು ವಾಕ್ಯ ಮಾದರಿಗಳನ್ನು ಮತ್ತೆ ಮತ್ತೆ ಹೇಳಿಸುವ ರೀತಿ. ಅದರ ಜೊತೆಗೇ ಇಂಗ್ಲಿಷ್ ಪೀರಿಯಡ್‌ನಲ್ಲಿ ಮಾತೃಭಾಷೆ ಬೇಡ ಎಂಬ ನಂಬಿಕೆಯೂ ಬೇರೂರಿತು. ಕನ್ನಡ ಆಡಿದ್ದಕ್ಕೆ ಬೈಸಿಕೊಂಡ ತಲೆಮಾರು ನಮ್ಮದು.

ಆ ನಂಬಿಕೆಯನ್ನು ಪ್ರಶ್ನಿಸಿದವರೂ ಇದ್ದರು. 1967ರಲ್ಲಿ ಭಾಷಾ ಬೋಧನೆಯ ತಜ್ಞ ಸಿ.ಜೆ. ಡಾಡ್ಸನ್ ದ್ವಿಭಾಷಾ ಪದ್ಧತಿಯ ಬಗ್ಗೆ ಪುಸ್ತಕ ತಂದರು. ಇದರಲ್ಲಿ ಶಿಕ್ಷಕ ಪದಕ್ಕೆ ಪದ ಕೊಡುವುದಿಲ್ಲ, ಇಡೀ ಸಾಲಿನ ಅರ್ಥವನ್ನು ಮಕ್ಕಳ ಭಾಷೆಯಲ್ಲಿ ಹೇಳುತ್ತಾನೆ. ಸಾಲು ಕೈಗೆ ಬಂದಂತೆ ಮಾತೃಭಾಷೆಯನ್ನು ಹಿಂದೆ ಸರಿಸುತ್ತಾನೆ. 1990ರ ದಶಕದಲ್ಲಿ ವೇಲ್ಸ್‌ನ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಮಾತಾಡುವುದನ್ನೇ ಪಾಠದ ಭಾಗ ಮಾಡಬೇಕು ಎಂದರು. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಕ್ಕಳ ಹಲವು ಭಾಷೆಗಳನ್ನು ತರಗತಿಯ ಸಂಪತ್ತು ಎಂದು ಒಪ್ಪಿತು.

ಈ ನಡುವೆ ಮಕ್ಕಳ ಮೇಲಿನ ಭಾರ ಜಾಸ್ತಿಯಾಗುತ್ತಲೇ ಹೋಯಿತು. ಮೊದಲು ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. 2007-08ರಲ್ಲಿ ಅದು ಒಂದನೇ ತರಗತಿಗೆ ಬಂತು, ಆದರೆ ಒಂದು ವಿಷಯವಾಗಿ ಮಾತ್ರ. 2012ರಲ್ಲಿ ಪಿಯುಸಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳು ಬಂದವು. ಹತ್ತನೇ ತರಗತಿಯವರೆಗೆ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಅಂತ ಓದಿದ ಮಗು ಎರಡು ತಿಂಗಳ ರಜೆ ಮುಗಿಸಿ ಬಂದರೆ ಕೈಯಲ್ಲಿ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ತಯಾರಿಯ ಪುಸ್ತಕ, ಕೋಚಿಂಗ್ ನೋಟ್ಸ್ ಇಂಗ್ಲಿಷ್‌ನಲ್ಲೇ ಇದ್ದರೆ ಪ್ರಶ್ನೆಪತ್ರಿಕೆ ಒಂದೇ ಕನ್ನಡದಲ್ಲಿದ್ದು ಏನು ಮಾಡುವುದು?

ನಿಯಮ ಏನೇ ಇರಲಿ, ನಮ್ಮ ತರಗತಿಗಳಿಂದ ಕನ್ನಡ ಯಾವತ್ತೂ ಹೊರಗೆ ಹೋಗಿರಲಿಲ್ಲ. ಉಪನ್ಯಾಸಕರು ಪಾಠವನ್ನು ಕನ್ನಡದಲ್ಲಿ ವಿವರಿಸುತ್ತಾರೆ, ಕೊನೆಗೆ ನೋಟ್ಸನ್ನು ಇಂಗ್ಲಿಷ್‌ನಲ್ಲಿ ಬರೆಸುತ್ತಾರೆ. ಮಗುವಿಗೆ ವಿಷಯ ತಿಳಿಯುತ್ತದೆ, ನೋಟ್ಸ್ ಬಾಯಿಪಾಠವಾಗುತ್ತದೆ. ಎರಡರ ನಡುವೆ ಆ ಇಂಗ್ಲಿಷ್ ಸಾಲನ್ನು ಕನ್ನಡದಿಂದ ಬಿಡಿಸುವ ಕೆಲಸ ಮಾತ್ರ ಯಾರೂ ಮಾಡುವುದಿಲ್ಲ. ನಾನೂ ಮೊದಲ ಕೆಲವು ವರ್ಷ ಮಾಡಲಿಲ್ಲ. ಆ ಮಕ್ಕಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಆ ಬೇರಿನ ಸಾಲಿಗೇ ಮರಳೋಣ. ಈಗ ನಾನು ಮೊದಲು ಪದಗಳ ಅರ್ಥ ಕೇಳುವುದಿಲ್ಲ. ‘ಇಡೀ ಸಾಲಿನ ಕ್ರಿಯಾಪದ ಯಾವುದು?’ ಅಂತ ಕೇಳುತ್ತೇನೆ. ಕನ್ನಡದಲ್ಲಿ ಅದು ಸಾಲಿನ ಕೊನೆಯಲ್ಲಿ ಇರುತ್ತದೆ, ಹುಡುಕುವ ಪ್ರಮೇಯವೇ ಇಲ್ಲ. ಇಂಗ್ಲಿಷ್‌ನಲ್ಲಿ ನಡುವೆ ಅಡಗಿರುತ್ತದೆ. ಮಕ್ಕಳು ‘ಮೂವ್ಸ್’ ಎಂದು ಹುಡುಕುತ್ತಾರೆ. ಆಗ ಕನ್ನಡದಲ್ಲಿ ಎರಡು ವಾಕ್ಯ ಹೇಳುತ್ತೇನೆ: ‘ಬೇರುಗಳು ಏರುತ್ತವೆ, ನೀರು ಏರುತ್ತದೆ.’ ಬಹುವಚನಕ್ಕೆ ಕ್ರಿಯಾಪದ ಬದಲಾಗುತ್ತದೆ ಅನ್ನುವುದು ಅವರಿಗೆ ಯಾರೂ ಕಲಿಸದೆ ಬಂದಿದೆ. ‘ಮೂವ್ಸ್’ ಎಂಬುದರ ಕೊನೆಯ ಎಸ್ ಒಂದೇ ವಸ್ತುವಿನ ಗುರುತು ಅಂತ ತೋರಿಸಿದರೆ, ‘ರೂಟ್ಸ್’ ತಾನಾಗಿಯೇ ಹೊರಗೆ ಬೀಳುತ್ತದೆ. ಹಾಗಾದರೆ ಏರುವುದು ನೀರೇ.

ಇನ್ನು ಉಳಿದದ್ದು ‘ದಟ್’ ಎಂಬ ಪದ. ಪೆನ್ಸಿಲ್ ಅದರ ಮೇಲೆ ‘ಅದು’ ಅಂತ ಬರೆದಿರುತ್ತದೆ. ತಪ್ಪಿನ ಬೀಜ ಇರುವುದು ಅಲ್ಲೇ. ಇಲ್ಲಿ ಅದು ‘ಅದು’ ಅಲ್ಲ, ಎಂಥ ನೀರು ಅಂತ ಹೇಳುವ ತುಂಡಿನ ಬಾಗಿಲು. ಆ ತುಂಡನ್ನು ಕಂಸದೊಳಗೆ ಹಾಕಿಸುತ್ತೇನೆ. ಕನ್ನಡದಲ್ಲಿ ಅಂಥ ತುಂಡು ಹೆಸರಿನ ನಂತರ ಬರುವುದಿಲ್ಲ, ಮೊದಲೇ ಬರುತ್ತದೆ: ‘ಬೇರುಗಳು ಹೀರಿಕೊಂಡ ನೀರು.’ ಕಂಸವನ್ನು ಎತ್ತಿ ‘ವಾಟರ್’ಗಿಂತ ಮೊದಲು ಇಟ್ಟರೆ ಸಾಲು ಬಿಡಿಸಿಕೊಳ್ಳುತ್ತದೆ: ಬೇರುಗಳು ಹೀರಿಕೊಂಡ ನೀರು ಕ್ಸೈಲಂ ಮೂಲಕ ಮೇಲೇರುತ್ತದೆ. ಮೊದಲ ಸಲ ಇದಕ್ಕೆ ಹತ್ತು ನಿಮಿಷ ಹಿಡಿಯಿತು. ಆದರೆ ಈ ಬಗೆಯ ಸಾಲು ಪುಸ್ತಕದಲ್ಲಿ ಪುಟಪುಟಕ್ಕೂ ಇದೆ.

ಪದಗಳಿಗೂ ಕನ್ನಡ ಬೇಕು, ಎಚ್ಚರದಿಂದ. ‘ಸಲ್ಯೂಷನ್’ ರಸಾಯನಶಾಸ್ತ್ರದಲ್ಲಿ ದ್ರಾವಣ, ಗಣಿತದಲ್ಲಿ ಪರಿಹಾರ. ‘ರೂಟ್’ ಇಲ್ಲಿ ಬೇರು, ಗಣಿತದಲ್ಲಿ ಮೂಲ. ಪಕ್ಕದಲ್ಲಿ ಒಂದೇ ಅರ್ಥ ಬರೆದುಕೊಂಡ ಮಗು ಎರಡನೇ ಕಡೆ ಎಡವುತ್ತದೆ.

ಇದಕ್ಕೊಂದು ಮಿತಿಯೂ ಇದೆ. ಪ್ರತಿ ಸಾಲನ್ನೂ ನಾನೇ ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ಮಗು ಕನ್ನಡವನ್ನಷ್ಟೇ ಕೇಳುತ್ತದೆ, ಇಂಗ್ಲಿಷ್ ಕಡೆ ಕಣ್ಣು ಹಾಯಿಸುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಸಾಲಿನಲ್ಲಿ ಒಂದು ಪದ ಬದಲಿಸಿ ಕೊಟ್ಟು ನೋಡಬೇಕು. ‘ಮೂವ್ಸ್ ಅಪ್’ ಇದ್ದಲ್ಲಿ ‘ಮೂವ್ಸ್ ಡೌನ್’ ಹಾಕಿದಾಗಲೂ ಮಗು ‘ಮೇಲೇರುತ್ತದೆ’ ಅಂದರೆ ಅದು ಓದಿಲ್ಲ, ನೆನಪಿನಿಂದ ಹೇಳುತ್ತಿದೆ. ಹಾಗಾಗಿ ಸೆಪ್ಟೆಂಬರ್ ಹೊತ್ತಿಗೆ ನಾನು ಕನ್ನಡ ಹೇಳುವುದನ್ನು ಕಡಿಮೆ ಮಾಡುತ್ತೇನೆ. ಮಕ್ಕಳೇ ಬಿಡಿಸಿ, ಕನ್ನಡದಲ್ಲಿ ಪಕ್ಕದವರಿಗೆ ಹೇಳಿ, ಪುಸ್ತಕ ಮುಚ್ಚಿ, ಒಂದು ಸಾಲು ಇಂಗ್ಲಿಷ್‌ನಲ್ಲಿ ಬರೆಯಬೇಕು.

ಕಷ್ಟ ಇನ್ನೂ ಹೆಚ್ಚಾಗಿರುವುದು ಬೇರೆ ಮಕ್ಕಳಿಗೆ. ನಮ್ಮಲ್ಲಿ ಕನ್ನಡ ಮಾಧ್ಯಮ ಎಂದರೆ ಮನೆಯಲ್ಲೂ ಕನ್ನಡ ಅಂತ ಅರ್ಥವಲ್ಲ. ತಾಂಡಾದ ಮಗುವಿಗೆ ಲಂಬಾಣಿ, ಬೀದರ್ ಕಡೆ ಎಷ್ಟೋ ಮಕ್ಕಳಿಗೆ ಮರಾಠಿ ಅಥವಾ ಉರ್ದು, ಯಾದಗಿರಿಯ ಗಡಿಯಲ್ಲಿ ತೆಲುಗು. ಕಳೆದ ವರ್ಷ ಚಿಂಚೋಳಿ ಕಡೆಯ ತಾಂಡಾದಿಂದ ಬಂದ ಇಬ್ಬರು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಕಂಸ ಹಾಕಿ ಆದ ಮೇಲೆ ಅವರು ತಮ್ಮತಮ್ಮೊಳಗೆ ಲಂಬಾಣಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಆಮೇಲೆ ಒಬ್ಬಳು ಎದ್ದು ನಿಂತು ಕನ್ನಡದಲ್ಲಿ ಹೇಳುತ್ತಿದ್ದಳು, ಇನ್ನೊಬ್ಬಳು ಬೋರ್ಡಿನ ಮೇಲೆ ಇಂಗ್ಲಿಷ್ ಸಾಲು ಬರೆಯುತ್ತಿದ್ದಳು. ಅವರ ಪುಸ್ತಕದಲ್ಲಿ ಐದನೇ ಪುಟದ ಆಚೆಗೂ ಪೆನ್ಸಿಲ್ ಗುರುತುಗಳಿದ್ದವು. ಪದಗಳ ಅರ್ಥವಲ್ಲ, ಬರೀ ಕಂಸಗಳು.